ಮಾಟ ತೆಗೆಯುವವರ ಲೆಕ್ಕ: ₹501ರಿಂದ ಲಕ್ಷದವರೆಗೆ

ಮಾಟ, ಶಾಪ, ಕಾಡಾಟ ತೆಗೆಯುತ್ತೇವೆಂದು ಹೇಳಿಕೊಂಡು ಹಣ ಕೀಳುವವರು ಮೊದಲ ದಿನ ದೊಡ್ಡ ಮೊತ್ತ ಕೇಳುವುದಿಲ್ಲ. ಕವಡೆ ಹಾಕಿ ನೋಡಲು, ಇಲ್ಲವೆ ಪಂಚಾಂಗ ತೆಗೆದು ಹೇಳಲು ₹501 ಸಾಕೆನ್ನುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಯಾವ ಮನೆಗೂ ಅಷ್ಟು ಹಣ ಭಾರವಲ್ಲ. ಕೊಟ್ಟು ನೋಡಿದರೆ ಹೋಗುವುದೇನು ಎಂಬ ಲೆಕ್ಕದಲ್ಲಿಯೇ ಹೆಚ್ಚಿನವರು ಒಳಗೆ ಹೋಗುತ್ತಾರೆ. ಹೊರಗೆ ಬರುವ ಹೊತ್ತಿಗೆ ತೊಗರಿ ಮಾರಿದ ಹಣ ಮುಗಿದು, ಬಂಗಾರ ಅಡವಿಗೆ ಹೋಗಿರುತ್ತದೆ. ಈ ದಾರಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದು. ಮೆಟ್ಟಿಲುಗಳನ್ನು ಮೊದಲೇ ತಿಳಿದವರು ಎರಡನೆಯದರ ಮೇಲೆ ಕಾಲಿಡುವುದಿಲ್ಲ.

ಈ ವಂಚನೆ ನಡೆಯುವ ಕ್ರಮ ತಿಳಿಯಲು ಯಾವ ಊರಿಗೂ ಸೇರದ ಒಂದು ಮಾದರಿ ಮನೆಯನ್ನು ತೆಗೆದುಕೊಳ್ಳಬಹುದು. ಕೊಳವೆಬಾವಿ ಬತ್ತಿದೆ, ಮಗಳ ಮದುವೆ ಎರಡು ಕಡೆ ಕೂಡಿ ಬಂದು ಮುರಿದಿದೆ, ಹಿರಿಯ ಮಗ ರಾತ್ರಿ ನಿದ್ದೆಯಿಲ್ಲದೆ ಒಬ್ಬನೇ ಮಾತಾಡುತ್ತಾನೆ. ತಾಯಿ ಯಾರೋ ಹೇಳಿದ ದೇವರು ಹೇಳುವವನ ಬಳಿ ಹೋಗುತ್ತಾಳೆ. ಅವನು ಮೊದಲು ಕೇಳುತ್ತಾನೆ, ಆದರೆ ಕೇಳಿದಂತೆ ತೋರುವುದಿಲ್ಲ. "ಮನಿಯೊಳಗ ಒಬ್ಬರಿಗೆ ಮೈಯಾಗ ಆರಾಮ ಇಲ್ಲ" ಎನ್ನುತ್ತಾನೆ. ಕಷ್ಟವಿಲ್ಲದೆ ಯಾರೂ ಅವನ ಬಾಗಿಲಿಗೆ ಬರುವುದಿಲ್ಲ, ಆದ್ದರಿಂದ ಈ ಮಾತು ತಪ್ಪುವುದೇ ಇಲ್ಲ. ತಾಯಿ ತಲೆಯಾಡಿಸಿ ಮಗನ ಸುದ್ದಿ ಹೇಳುತ್ತಾಳೆ. ಹತ್ತು ನಿಮಿಷದ ಮೇಲೆ ಅವಳೇ ಹೇಳಿದ್ದನ್ನು ದೇವರ ಮಾತಾಗಿ ಅವಳಿಗೇ ತಿರುಗಿ ಹೇಳುತ್ತಾನೆ. "ಎಲ್ಲಾ ಖರೇ ಹೇಳಿದ" ಎಂದು ಅವಳು ಮನೆಗೆ ಬಂದು ಹೇಳುತ್ತಾಳೆ.

ಇನ್ನೂ ಕೆಟ್ಟದ್ದು ಮುಂದಿನ ಮಾತು. "ಮಾಡಿಸಿದವರು ದೂರದವರಲ್ಲ, ನಿಮ್ಮ ಹೊಲದ ಬದುವಿಗೆ ಹತ್ತಿದವರು" ಎನ್ನುತ್ತಾನೆ. ಹೆಸರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅಣ್ಣತಮ್ಮಂದಿರು ಪಾಲಾದ ಹೊಲಗಳಲ್ಲಿ ಬದುವಿಗೆ ಹತ್ತಿದವರು ಸಾಮಾನ್ಯವಾಗಿ ದಾಯಾದಿಗಳೇ, ಬದುವಿನ ಸಣ್ಣ ತಕರಾರು ಯಾವ ಮನೆಗೂ ಹೊಸದಲ್ಲ. ಹೆಸರನ್ನು ಮನೆಯವರೇ ತುಂಬಿಕೊಳ್ಳುತ್ತಾರೆ. ಕಳೆದ ಹಣವನ್ನು ಮತ್ತೆ ದುಡಿಯಬಹುದು, ಹೀಗೆ ಮುರಿದ ಅಣ್ಣತಮ್ಮಂದಿರ ಮಾತು ಕೂಡಲು ಒಂದು ತಲೆಮಾರು ಬೇಕಾಗುತ್ತದೆ. ಒಬ್ಬ ಬಡ ವಿಧವೆಯ ಮೇಲೆ ಸಂಶಯ ಬಿದ್ದರಂತೂ ಅವಳು ಊರಲ್ಲಿ ಬಾಳುವುದೇ ಕಷ್ಟ.

ಎರಡನೆಯ ಮೆಟ್ಟಿಲು ತಾಯತ ಮತ್ತು ಮನೆಯ ದಿಗ್ಬಂಧನ, ₹5,100. ಮೂರನೆಯದಕ್ಕೆ ಕಣ್ಣಿಗೆ ಕಾಣುವ ಪುರಾವೆ ಬೇಕು, ಅದಕ್ಕೆ ಲಿಂಬಿಕಾಯಿ ಬರುತ್ತದೆ. ಅಮವಾಸ್ಯೆಯ ರಾತ್ರಿ ಮಗನ ತಲೆಯ ಮೇಲೆ ಇಳಿಸಿ ಕೊಯ್ದರೆ ಒಳಗಿನಿಂದ ರಕ್ತ ಬರುತ್ತದೆ. ಮನೆಯವರು ಬೆವರುತ್ತಾರೆ, ₹21,000 ಹೊಂದಿಸುತ್ತಾರೆ. ನಾಲ್ಕನೆಯ ಸಲ ಫಲ ಕಾಣದೆ ಕೇಳಲು ಹೋದಾಗ ತಪ್ಪು ಮನೆಯವರದೇ ಆಗುತ್ತದೆ: ಯಾರೋ ಗುಟ್ಟು ಹೊರಗೆ ಆಡಿದ್ದಾರೆ, ಇಲ್ಲವೆ ಮೈಲಿಗೆಯಾಗಿದೆ, ಪೂಜೆ ಕೆಟ್ಟಿದೆ, ಮೊದಲಿನಿಂದ ಮಾಡಬೇಕು, ₹51,000. ಐದನೆಯ ಸಲ ಬೆದರಿಕೆ ನೇರವಾಗಿ ಬರುತ್ತದೆ. ಎಬ್ಬಿಸಿದ ಶಕ್ತಿಯನ್ನು ಅರ್ಧಕ್ಕೆ ಬಿಟ್ಟರೆ ಮಗನ ಜೀವಕ್ಕೇ ಬರುತ್ತದೆ, ಮುಗಿಸಲು ₹1,01,000. ಐದೂ ಸೇರಿ ₹1,78,601. ಮಗನಿಗೆ ನಿದ್ದೆ ಇನ್ನೂ ಬಂದಿಲ್ಲ.

ಈ ಮೊತ್ತಗಳ ಕೊನೆಯ ಒಂದು ರೂಪಾಯಿಗೂ ನೂರಕ್ಕೂ ಅರ್ಥವಿದೆ. 501, 5,100, 51,000 ಎಂಬ ಅಂಕಿಗಳು ಮುಯ್ಯಿ ಮತ್ತು ದಕ್ಷಿಣೆಯ ಅಂಕಿಗಳು. ಹಾಗೆ ಕೇಳಿದಾಗ ಅದು ಕೂಲಿಯಂತೆ ತೋರದೆ ಕಾಣಿಕೆಯಂತೆ ತೋರುತ್ತದೆ. ಕಾಣಿಕೆಗೆ ಚೌಕಾಸಿಯಿಲ್ಲ, ರಸೀದಿಯಿಲ್ಲ, ಮರಳಿ ಕೇಳುವ ರೂಢಿಯೂ ಇಲ್ಲ. ಪ್ರತಿ ಮೆಟ್ಟಿಲಿನ ಮೊತ್ತ ಹಿಂದಿನದಕ್ಕಿಂತ ದೊಡ್ಡದಾಗಿರುವುದಕ್ಕೂ ಕಾರಣವಿದೆ. ₹26,601 ಕೊಟ್ಟವರು ಈಗ ನಿಲ್ಲಿಸಿದರೆ ಕೊಟ್ಟದ್ದೆಲ್ಲ ನೀರಿಗೆ ಹೋಯಿತೆಂದು ಒಪ್ಪಬೇಕು. ಮುಂದುವರಿದರೆ ಕೊಟ್ಟದ್ದು ಸಾರ್ಥಕವಾಗುವ ಆಸೆ ಉಳಿಯುತ್ತದೆ. ಆ ಆಸೆಯ ಮೇಲೆಯೇ ಐವತ್ತೊಂದು ಸಾವಿರ ಕೇಳಲಾಗುತ್ತದೆ. ಮೋಸಹೋದವರು ದಡ್ಡರೆಂದು ನಗುವವರು ಇದನ್ನು ಗಮನಿಸುವುದಿಲ್ಲ. ಆ ನಗುವಿಗೆ ಅಂಜಿಯೇ ಎಷ್ಟೋ ಮನೆಗಳು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮನೆಯ ಪಕ್ಕದ ಮನೆಯಲ್ಲಿ ಅದೇ ವ್ಯಕ್ತಿ ಮತ್ತೆ ₹501ರಿಂದ ಆರಂಭಿಸುತ್ತಾನೆ.

ರಕ್ತ ಸುರಿಸುವ ಲಿಂಬಿಕಾಯಿಯ ವಿಷಯ ಲಿಂಬಿಗೆ ಹೆಸರಾದ ಇಂಡಿ ಸೀಮೆಯವರಿಗೆ ಚೆನ್ನಾಗಿ ತಿಳಿದಿರಬೇಕು. ಕೆಂಪು ದಾಸವಾಳದ ಹೂವನ್ನು ಚಾಕುವಿನ ಎರಡೂ ಬದಿಗೆ ತಿಕ್ಕಿ ಒಣಗಲು ಬಿಟ್ಟರೆ ಅಲಗಿನ ಮೇಲೆ ಮಬ್ಬು ಬಣ್ಣದ ಪೊರೆ ಉಳಿಯುತ್ತದೆ. ದೀಪದ ಮಂದ ಬೆಳಕಿನಲ್ಲಿ ಅದು ಕಾಣುವುದಿಲ್ಲ. ಆ ಹೂವಿನ ಬಣ್ಣ ಹುಳಿ ತಗುಲಿದೊಡನೆ ಕಡುಗೆಂಪಾಗುವ ಜಾತಿಯದು. ಲಿಂಬಿಯ ರಸವೇ ಹುಳಿ, ಆದ್ದರಿಂದ ಕೊಯ್ದ ಕಡೆಯಿಂದ ಕೆಂಪು ಹನಿಯುತ್ತದೆ. ಅರಿಶಿಣದ ನೀರಿಗೆ ಸುಣ್ಣ ಬೆರೆಸಿ ಕೆಂಪು ಓಕುಳಿ ಮಾಡುವುದು ಎಲ್ಲ ಮನೆಯ ಹೆಣ್ಣುಮಕ್ಕಳಿಗೂ ಗೊತ್ತು, ಇದೂ ಅದೇ ರೀತಿಯ ಬಣ್ಣದ ಬದಲಾವಣೆ. ಯಾರೂ ಕೈಹಚ್ಚದೆ ಹೋಮದ ಬೆಂಕಿ ಹತ್ತುವುದರ ಹಿಂದೆ ಪೊಟ್ಯಾಸಿಯಂ ಪರ್ಮಾಂಗನೇಟ್ ಇರುತ್ತದೆ. ಅದರ ಪುಡಿಯ ಮೇಲೆ ತುಪ್ಪವೆಂದು ಗ್ಲಿಸರಿನ್ ಸುರಿದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಉರಿಯುತ್ತದೆ. ಹುಲಿಕಲ್ ನಟರಾಜ್ ಅವರಂಥವರು ಇಂಥ ಪವಾಡಗಳ ಗುಟ್ಟನ್ನು ಊರೂರು ತಿರುಗಿ ವೇದಿಕೆಯ ಮೇಲೆ ಬಯಲು ಮಾಡಿದ್ದಾರೆ. ಮನೆಯ ಅಂಗಳ ಅಗೆದು ಗೊಂಬೆ, ಮೊಳೆ, ಕೂದಲು ತೆಗೆಯುವುದಕ್ಕೆ ಯಾವ ರಾಸಾಯನಿಕವೂ ಬೇಡ. ಅಗೆಯುವವನ ಕೈಯಲ್ಲಿ ಅದು ಮೊದಲೇ ಇರುತ್ತದೆ. ಸಂಶಯವಿದ್ದವರು ಮನೆಯ ಚಾಕು, ಮನೆಯ ಲಿಂಬಿಕಾಯಿ, ಹಗಲಿನ ಬೆಳಕು ಇರಲೆಂದು ಕೇಳಿ ನೋಡಬಹುದು. ಅಗೆಯುವ ಕೆಲಸ ಮನೆಯವರೇ ಮಾಡುತ್ತೇವೆ ಎನ್ನಬಹುದು. ಅದಕ್ಕೆ ಒಪ್ಪದಿದ್ದರೆ ಎಲ್ಲವೂ ತಿಳಿದಂತೆಯೇ.

ಈಗ ಈ ವ್ಯವಹಾರ ಮುಖ ನೋಡದೆಯೂ ನಡೆಯುತ್ತದೆ. ಕೇರಳದ, ಕೊಳ್ಳೇಗಾಲದ ಹೆಸರು ಹಾಕಿ ಎಲ್ಲ ಸಮಸ್ಯೆಗೂ ಗಂಟೆಗಳಲ್ಲಿ ಪರಿಹಾರವೆಂದು ಜಾಹೀರಾತು ಕೊಡುವವರ ಕೈಯಲ್ಲಿ ಇರುವುದು ಒಂದು ಮೊಬೈಲ್ ಸಂಖ್ಯೆ ಮಾತ್ರ. ಅಂಥವರು ಫೋಟೋ, ಜನ್ಮದಿನಾಂಕ, ಮನೆಯ ಗುಟ್ಟು ಎಲ್ಲವನ್ನೂ ಕಳಿಸಿಕೊಂಡು, ಹಣವನ್ನು ಫೋನ್‌ಪೇಯಲ್ಲಿ ಹಾಕಿಸಿಕೊಳ್ಳುತ್ತಾರೆ. ಕೊಡುವುದನ್ನು ನಿಲ್ಲಿಸಿದರೆ ಆ ಗುಟ್ಟೇ ಬೆದರಿಕೆಯ ಆಯುಧವಾಗುತ್ತದೆ. ಹೀಗೆ ಕಳಿಸಿದ ಹಣದ ವಿಷಯದಲ್ಲಿ ಮಾತ್ರ ಒಂದು ಅನುಕೂಲವಿದೆ: ಕೊಟ್ಟದ್ದಕ್ಕೆ ದಾಖಲೆ ಉಳಿಯುತ್ತದೆ. ತಕ್ಷಣ 1930ಕ್ಕೆ ಕರೆ ಮಾಡಿದರೆ ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಸಾಧ್ಯತೆ ಇರುತ್ತದೆ. ಒಂದು ವಾರ ಕಾದರೆ ಆ ಸಾಧ್ಯತೆ ತೀರ ಕಡಿಮೆಯಾಗುತ್ತದೆ. cybercrime.gov.in ತಾಣದಲ್ಲಿಯೂ ದೂರು ದಾಖಲಿಸಬಹುದು.

ಕಾನೂನಿನ ವಿಷಯವನ್ನೂ ಸರಿಯಾಗಿ ತಿಳಿಯಬೇಕು. ಕರ್ನಾಟಕದಲ್ಲಿ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧದ ಕಾಯ್ದೆ ಆಯಿತು, 2020ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ಕನಿಷ್ಠ ಒಂದು ವರ್ಷದಿಂದ ಏಳು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಜ್ಯೋತಿಷ್ಯ ಮತ್ತು ವಾಸ್ತು ಹೇಳುವುದನ್ನು ಆ ಕಾಯ್ದೆ ಹೊರಗಿಟ್ಟಿದೆ. ಆದ್ದರಿಂದ ಹಣ ಕಿತ್ತವನು "ನಾನು ಜ್ಯೋತಿಷಿ" ಎಂದು ತಪ್ಪಿಸಿಕೊಳ್ಳಲು ನೋಡುತ್ತಾನೆ. ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು, ಅಂದರೆ ವಂಚನೆ. ಮೋಸದಿಂದ ಹಣ ಕೊಡಿಸಿಕೊಂಡರೆ ಏಳು ವರ್ಷದವರೆಗೆ ಶಿಕ್ಷೆ. ಇದರಲ್ಲಿ ಜ್ಯೋತಿಷ್ಯಕ್ಕೆ ಯಾವ ವಿನಾಯಿತಿಯೂ ಇಲ್ಲ. 2024ರ ಜುಲೈ 1ಕ್ಕಿಂತ ಮೊದಲು ನಡೆದದ್ದಾದರೆ ಹಳೆಯ ದಂಡ ಸಂಹಿತೆಯ 420 ಅನ್ವಯಿಸುತ್ತದೆ.

ನ್ಯಾಯ ಸಂಹಿತೆಯ ಇನ್ನೊಂದು ಕಲಮು 354. ಹೇಳಿದ್ದು ಮಾಡದಿದ್ದರೆ ತನ್ನ ಕೃತ್ಯದಿಂದ ದೈವದ ಕೋಪ ತಟ್ಟುತ್ತದೆಂದು ನಂಬಿಸಿ ಮಾಡಿಸುವುದು ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ. ಇದರ ಮಿತಿಯನ್ನು ತಿಳಿಯಬೇಕು. "ನಿಮ್ಮ ಅಜ್ಜನ ಕಾಲದ ಶಾಪ ಇದೆ" ಎಂಬ ಮಾತಷ್ಟೇ ಇದರಲ್ಲಿ ಬರುವುದು ಕಷ್ಟ. "ಹಣ ತರದಿದ್ದರೆ ಆ ಶಕ್ತಿಯನ್ನು ನಿಮ್ಮ ಮನೆಗೇ ತಿರುಗಿಸುತ್ತೇನೆ" ಎಂಬ ಮಾತು ಬರುತ್ತದೆ. ಐದನೆಯ ಮೆಟ್ಟಿಲಿನ ಬೆದರಿಕೆಯ ನಿಖರ ಶಬ್ದಗಳನ್ನು ಅಂದೇ ಬರೆದಿಟ್ಟುಕೊಳ್ಳಬೇಕಾದದ್ದು ಇದಕ್ಕಾಗಿ. ಈ ಕಲಮಿನ ಮೇಲೆ ಪೊಲೀಸರು ನ್ಯಾಯಾಲಯದ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲ. ಹಾಗಾಗಿ ದೂರಿನಲ್ಲಿ ಹಣ ಕೊಟ್ಟ ಮೋಸದ ಸಂಗತಿಯೇ ಮುಂದೆ ಇರಬೇಕು.

ವಂಚನೆ ಸಾಬೀತಾಗಲು ಮೋಸದ ಉದ್ದೇಶ ಮೊದಲಿನಿಂದಲೂ ಇತ್ತೆಂದು ತೋರಬೇಕು. "ಪೂಜೆ ಮಾಡಿದೆ, ಫಲ ದೇವರ ಕೈಯಲ್ಲಿ" ಎಂಬುದೇ ಆರೋಪಿಯ ಉತ್ತರವಾಗಿರುತ್ತದೆ. ಅದನ್ನು ಮುರಿಯುವುದು ವಿವರಗಳು: ಇಷ್ಟು ದಿನದಲ್ಲಿ ಖಾತ್ರಿ ಎಂದ ಮಾತು, ಪ್ರತಿ ಸಲ ಬದಲಾದ ಕಾರಣ, ಯಾರಿಗೂ ಹೇಳಬೇಡಿರೆಂಬ ಕಟ್ಟಪ್ಪಣೆ, ಚಾಕುವಿನ ತಂತ್ರ. ಇವೆಲ್ಲಕ್ಕಿಂತ ಬಲವಾದದ್ದು ಎರಡನೆಯ ಮನೆಯವರ ದೂರು. ಬೇರೆ ಬೇರೆ ಊರಿನ ಮೂರು ಮನೆಗಳಿಗೆ ಅದೇ ವ್ಯಕ್ತಿ ಅದೇ ಮಾತು, ಅದೇ ಅಂಕಿ ಹೇಳಿದ್ದರೆ ದೈವದ ಮಾತೆಂಬ ವಾದ ನಿಲ್ಲುವುದಿಲ್ಲ. ದೂರು ಹೋಗುವ ಸುಳಿವು ಸಿಕ್ಕೊಡನೆ ಊರ ಹಿರಿಯರನ್ನು ನಡುವೆ ಇಟ್ಟು ಅರ್ಧ ಹಣ ಮರಳಿಸುವ ಮಾತು ಬರಬಹುದು. ಒಬ್ಬರು ಅದನ್ನು ಒಪ್ಪಿ ಸುಮ್ಮನಾದರೆ ಉಳಿದವರ ಪುರಾವೆ ತೆಳುವಾಗುತ್ತದೆ.

ಮಾದರಿ ಮನೆಯ ಮಗನದು ಬೇರೆ ವಿಷಯ, ಹಣಕ್ಕಿಂತ ಮುಖ್ಯವಾದದ್ದು. ನಿದ್ದೆಯಿಲ್ಲದಿರುವುದು, ಒಬ್ಬನೇ ಮಾತಾಡುವುದು, ಎಲ್ಲರೂ ತನಗೆ ಕೇಡು ಬಗೆಯುತ್ತಾರೆಂಬ ಭಯ, ಇವು ಔಷಧಿಗೆ ಬಗ್ಗುವ ಮನೋರೋಗದ ಲಕ್ಷಣಗಳಾಗಿರಬಹುದು. ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟ. ಐದು ಮೆಟ್ಟಿಲು ಹತ್ತುವುದರಲ್ಲಿ ಒಂದು ವರ್ಷ ಹೋಗಿರುತ್ತದೆ. 14416 ಟೆಲಿ ಮಾನಸ್ ಸಹಾಯವಾಣಿ, ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತಾಡಬಹುದು. ತಾಯತ, ಮಂತ್ರ, ಕವಚದಿಂದ ರೋಗ ಗುಣವಾಗುತ್ತದೆಂದು ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಅಂಥ ಜಾಹೀರಾತಿನ ತುಣುಕನ್ನು ದೂರಿನೊಡನೆ ಲಗತ್ತಿಸಬಹುದು.

ದೂರಿನಲ್ಲಿ ಪ್ರತಿ ಕಂತಿಗೆ ಒಂದು ಸಾಲು ಇರಲಿ: ದಿನಾಂಕ, ಮೊತ್ತ, ಕೊಟ್ಟ ಬಗೆ, ಹೇಳಿದ ಕಾರಣ, ಜೊತೆಗಿದ್ದವರು. ನಗದು ಕೊಟ್ಟದ್ದಾದರೆ ಅಂದು ಬ್ಯಾಂಕಿನಿಂದ ತೆಗೆದ ಅಥವಾ ಬಂಗಾರ ಅಡವಿಟ್ಟ ಚೀಟಿ ಸಾಕ್ಷಿಯಾಗುತ್ತದೆ. ಮೊಬೈಲಿನ ಸಂದೇಶ, ಧ್ವನಿಮುದ್ರಣ ಅಳಿಸಬಾರದು, ಮೊಬೈಲನ್ನೂ ಮಾರಬಾರದು. ಮೋಸ ನಡೆದದ್ದು ಸೊಲ್ಲಾಪುರದಲ್ಲಿ ಆಗಿದ್ದರೂ ಇಂಡಿಯ ಠಾಣೆಯಲ್ಲಿ ಮಾಹಿತಿ ಕೊಡಬಹುದು, ತಮ್ಮ ಹದ್ದಿಗೆ ಬರುವುದಿಲ್ಲವೆಂದು ತಿರುಗಿಸಿ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯ ಮೂಲಕ ವಿಜಯಪುರದ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬೇಕು, ಅಲ್ಲಿಯೂ ಆಗದಿದ್ದರೆ ಅಂಚೆಯ ರಸೀದಿಯೊಡನೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.