ಬಿರುಮಳೆಯಲ್ಲಿ ಎಣಿಕೆ ತಪ್ಪುವ ಬೋಗುಣಿ

ಮಲೆನಾಡಿನ ಅಡಿಕೆ ಮತ್ತು ಕಾಳುಮೆಣಸಿನ ಬೆಳೆಗಾರರಿಗೆ ಈಗ ಮಳೆಯ ಲೆಕ್ಕವೆಂದರೆ ಬರೀ ಹರಟೆಯ ವಿಷಯವಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರದ ಹಣ ನಿರ್ಧಾರವಾಗುವುದು ತೋಟದಲ್ಲಿ ಉದುರಿದ ಕಾಯಿಗಳನ್ನು ಎಣಿಸಿ ಅಲ್ಲ. ಪಂಚಾಯತಿ ಮಟ್ಟದಲ್ಲಿ ನಿಲ್ಲಿಸಿದ ಮಳೆಮಾಪಕ ಕಳಿಸಿದ ಅಂಕಿಗಳನ್ನು ನೋಡಿ. ಹೀಗಿರುವಾಗ ಆ ಯಂತ್ರ ಮಳೆಯನ್ನು ಹೇಗೆ ಅಳೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದು ತಿಳಿದಿರುವುದು ಒಳ್ಳೆಯದು.

ತಾನಾಗಿಯೇ ದಾಖಲಿಸುವ ಮಳೆಮಾಪಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಟಿಪ್ಪಿಂಗ್ ಬಕೆಟ್' ಬಗೆಯದು. ಕನ್ನಡದಲ್ಲಿ ಮಗುಚುವ ಬೋಗುಣಿ ಎನ್ನಬಹುದು. ಈ ಉಪಾಯ ಹೊಸದೇನಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿದ ಕ್ರಿಸ್ಟೋಫರ್ ರೆನ್ 17ನೆಯ ಶತಮಾನದಲ್ಲಿಯೇ ಇಂಥದೊಂದನ್ನು ರೂಪಿಸಿದ್ದ. ಮೇಲೊಂದು ಆಲಿಕೆ; ಅದರ ಕೊಳವೆಯ ಕೆಳಗೆ, ನಡುವೆ ಕೀಲಿರುವ ಜೋಡಿ ಬೋಗುಣಿ. ಮಕ್ಕಳಾಡುವ ಸೀಸಾ ಹಲಗೆಯಂತೆ ಒಂದು ಕಡೆ ಮೇಲಿದ್ದರೆ ಇನ್ನೊಂದು ಕಡೆ ಕೆಳಗೆ. ಮೇಲಿರುವ ಬೋಗುಣಿ ತುಂಬುತ್ತಿದ್ದಂತೆ ಭಾರಕ್ಕೆ ಮಗುಚಿಕೊಂಡು ನೀರು ಚೆಲ್ಲುತ್ತದೆ, ಬರಿದಾದ ಇನ್ನೊಂದು ಬೋಗುಣಿ ಕೊಳವೆಯ ಕೆಳಗೆ ಬರುತ್ತದೆ. ಪ್ರತಿ ಸಲ ಮಗುಚಿದಾಗಲೂ ಅದಕ್ಕಂಟಿಸಿದ ಪುಟ್ಟ ಅಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾದುಹೋಗಿ ಎಣಿಕೆಗೆ ಒಂದನ್ನು ಸೇರಿಸುತ್ತದೆ. ಹಾಗಾಗಿ ಈ ಯಂತ್ರ ನೀರನ್ನು ಅಳೆಯುವುದಿಲ್ಲ, ಎಣಿಸುತ್ತದೆ ಅಷ್ಟೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆಲಿಕೆಯ ಬಾಯಿಯ ವ್ಯಾಸ 200 ಮಿ.ಮೀ. ಎಂದರೆ ಬಾಯಿಯ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಅದರ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸಿಗುವ ನೀರು 31.4 ಮಿ.ಲೀ. ಬೋಗುಣಿ ಒಂದು ಸಲ ಮಗುಚಿದರೆ 0.2 ಮಿ.ಮೀ. ಮಳೆ ಎಂದು ಯಂತ್ರಕ್ಕೆ ಹೇಳಿಕೊಟ್ಟಿದ್ದರೆ, ಬೋಗುಣಿ ಸರಿಯಾಗಿ 6.28 ಮಿ.ಲೀ. ನೀರಿಗೆ ಮಗುಚಬೇಕು. ನೂರು ಸಲ ಮಗುಚಲು 628 ಮಿ.ಲೀ. ಬೇಕು, ಅದು 20 ಮಿ.ಮೀ. ಮಳೆಗೆ ಸಮ.

ತಾಳೆ ನೋಡುವ ಕೆಲಸಕ್ಕೆ, ಅಂದರೆ ಕ್ಯಾಲಿಬ್ರೇಷನ್ನಿಗೆ, ಈ 628 ಮಿ.ಲೀ. ನೀರೇ ಸಾಕು. ಅಳತೆಯ ಜಾಡಿಗಿಂತ ಒಳ್ಳೆಯ ತಕ್ಕಡಿಯಲ್ಲಿ 628 ಗ್ರಾಂ ನೀರು ತೂಗಿಕೊಳ್ಳುವುದು ಹೆಚ್ಚು ನಂಬಿಕೆಯ ದಾರಿ. ಮೊದಲು ಬೋಗುಣಿಗಳ ಧೂಳು, ಜೇಡರ ಬಲೆ ತೆಗೆಯಬೇಕು. ರಸಮಟ್ಟ ಇಟ್ಟು ಮಾಪಕ ಸಮವಾಗಿ ನಿಂತಿದೆಯೇ ನೋಡಬೇಕು; ಓರೆಯಾಗಿದ್ದರೆ ಒಂದು ಬೋಗುಣಿ ಬೇಗ, ಇನ್ನೊಂದು ತಡವಾಗಿ ಮಗುಚುತ್ತದೆ. ಎಣಿಕೆಯ ತಂತಿಯನ್ನು ಕಳಚಿಡುವುದನ್ನು ಮರೆಯಬಾರದು, ಇಲ್ಲವಾದರೆ ಬಿಸಿಲಿನ ದಿನವೂ 20 ಮಿ.ಮೀ. ಮಳೆ ಬಂತೆಂದು ದಾಖಲೆಯಾಗಿಬಿಡುತ್ತದೆ. ಒಣ ಲೋಹ ಮೊದಲ ಕೆಲವು ಹನಿಗಳನ್ನು ಹಿಡಿದುಕೊಳ್ಳುವುದರಿಂದ ಸ್ವಲ್ಪ ನೀರು ಸುರಿದು ಬೋಗುಣಿಗಳನ್ನು ಒಮ್ಮೆ ಒದ್ದೆ ಮಾಡಿಕೊಳ್ಳಬೇಕು.

ಬಳಿಕ ತಳದಲ್ಲಿ ಸಣ್ಣ ತೂತಿರುವ ಸೀಸೆಯಿಂದ ಆ ನೀರನ್ನು ಆಲಿಕೆಗೆ ಹನಿಹನಿಯಾಗಿ ಬಿಡಬೇಕು. ಅಷ್ಟೂ ನೀರು ಇಳಿಯಲು ಒಂದು ಗಂಟೆ ಹಿಡಿಯಲಿ. ಅದು ಗಂಟೆಗೆ 20 ಮಿ.ಮೀ. ವೇಗದ ಮಳೆಯಂತಾಯಿತು. ಸುಸ್ಥಿತಿಯ ಮಾಪಕ ಆಗ 99 ಅಥವಾ 100 ಎಣಿಸುತ್ತದೆ. ಬದಲಿಗೆ 90 ಎಣಿಸಿದರೆ ಬೋಗುಣಿ ಅಗತ್ಯಕ್ಕಿಂತ ಹೆಚ್ಚು ನೀರು ತುಂಬಿಕೊಂಡು ಮಗುಚುತ್ತಿದೆ ಎಂದರ್ಥ. ಬೋಗುಣಿ ಕೆಳಕ್ಕೆ ಬಂದು ಕೂರುವ ತಿರುಪುಗಳನ್ನು ಆಗ ತುಸು ಮೇಲೇರಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಎಡಗಡೆಯ ತಿರುಪು ಹತೋಟಿಯಲ್ಲಿಡುವುದು ಬಲಗಡೆಯ ಬೋಗುಣಿಯನ್ನು. ಕೆಳಗಿರುವ ಕಡೆ ಎತ್ತರವಾದಷ್ಟೂ ಮೇಲಿರುವ ಕಡೆ ತಗ್ಗಿ, ಕಡಿಮೆ ನೀರಿಗೇ ಅದು ಮಗುಚುತ್ತದೆ. ಆದ್ದರಿಂದ ಎರಡನ್ನೂ ಸಮನಾಗಿ ತಿರುಗಿಸಿ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು.

ಈಗ ಅದೇ ಮಾಪಕಕ್ಕೆ ಅದೇ 628 ಮಿ.ಲೀ. ನೀರನ್ನು ದೊಡ್ಡ ತೂತಿನ ಸೀಸೆಯಿಂದ 12 ನಿಮಿಷದಲ್ಲಿ ಸುರಿದರೆ? ಎಣಿಕೆ 96ರ ಆಸುಪಾಸಿಗೆ ಇಳಿಯುತ್ತದೆ. ಆರೇ ನಿಮಿಷದಲ್ಲಿ ಸುರಿದರೆ 92. ನೀರು ಒಂದು ಹನಿಯೂ ಹೊರಗೆ ಹೋಗಿಲ್ಲ, ತಿರುಪು ಅಲುಗಿಲ್ಲ. ಹಾಗಾದರೆ ಎಂಟು ಎಣಿಕೆ ಎಲ್ಲಿ ಮಾಯವಾಯಿತು?

ಉತ್ತರವಿರುವುದು ಬೋಗುಣಿ ಮಗುಚುವ ಆ ಕ್ಷಣದಲ್ಲಿ. ಭಾರ ಸಾಕಾದ ಕೂಡಲೇ ಬೋಗುಣಿ ಚಲಿಸತೊಡಗಿದರೂ ನಡುಗೋಡೆ ಕೊಳವೆಯ ನೇರಕ್ಕೆ ಬಂದು ದಾಟುವವರೆಗೆ ಬೀಳುವ ನೀರು ಆಗಲೇ ತುಂಬಿದ ಬೋಗುಣಿಗೇ ಸೇರುತ್ತದೆ. ಈ ಅವಧಿ ಸೆಕೆಂಡಿನ ಒಂದು ಭಾಗ ಮಾತ್ರ. ನಮ್ಮ ಲೆಕ್ಕಕ್ಕೆ 0.3 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಗಂಟೆಗೆ 20 ಮಿ.ಮೀ. ಮಳೆಯಲ್ಲಿ ಬೋಗುಣಿ 36 ಸೆಕೆಂಡಿಗೊಮ್ಮೆ ಮಗುಚುತ್ತದೆ. ಆ ಅಲ್ಪಾವಧಿಯಲ್ಲಿ ಬೀಳುವ ನೀರು 0.05 ಮಿ.ಲೀ., ಎಂದರೆ ಒಂದು ಹನಿಯಷ್ಟು. ಗಂಟೆಗೆ 200 ಮಿ.ಮೀ. ರಭಸದಲ್ಲಿ ಕೊಳವೆಯಿಂದ ಸೆಕೆಂಡಿಗೆ 1.75 ಮಿ.ಲೀ. ಸುರಿಯುತ್ತದೆ, 0.3 ಸೆಕೆಂಡಿನಲ್ಲಿ ಅರ್ಧ ಮಿ.ಲೀ.ಗೂ ಮಿಗಿಲು. ಹೀಗೆ ಪ್ರತಿ ಸಲವೂ 6.28ರ ಬದಲು 6.8 ಮಿ.ಲೀ. ಹೊರಗೆ ಹೋದರೂ ಯಂತ್ರ ಮಾತ್ರ 0.2 ಮಿ.ಮೀ. ಎಂದೇ ಬರೆದುಕೊಳ್ಳುತ್ತದೆ. ಮಳೆ ಬಿರುಸಾದಷ್ಟೂ ಕೊರತೆ ಹೆಚ್ಚು.

ಇದನ್ನರಿಯದೆ ತಾಳೆ ನೋಡಿದರೆ ಆಗುವ ಅನಾಹುತ ಬೇರೆಯೇ. ಅವಸರದಲ್ಲಿರುವವರು ಆರು ನಿಮಿಷದಲ್ಲಿ ನೀರು ಸುರಿದು, 92 ಬಂತೆಂದು ತಿರುಪು ಏರಿಸಿ, ನೂರಕ್ಕೆ ತಂದು ನಿಲ್ಲಿಸುತ್ತಾರೆ ಎನ್ನಿ. ಆಗ ಬೋಗುಣಿ 5.76 ಮಿ.ಲೀ.ಗೇ ಮಗುಚತೊಡಗುತ್ತದೆ. ಬಿರುಮಳೆಗೆ ಲೆಕ್ಕ ಸರಿ. ಸಾಧಾರಣ ಮಳೆಗೆ ಮಾತ್ರ 100ರ ಬದಲು 108. ವರ್ಷದ ಬಹುಪಾಲು ಮಳೆ ಸೌಮ್ಯವಾಗಿಯೇ ಸುರಿಯುವ ಊರಿನಲ್ಲಿ ವರ್ಷದ ಮೊತ್ತವೇ ಹಿಗ್ಗಿಬಿಡುತ್ತದೆ. ಆದ್ದರಿಂದ ತಾಳೆಯ ಪುಸ್ತಕದಲ್ಲಿ ಎಷ್ಟು ನೀರು ಎಂಬುದರ ಜೊತೆಗೆ ಎಷ್ಟು ನಿಮಿಷ ಎಂಬುದೂ ಇರಲೇಬೇಕು. ತಿರುಪನ್ನು ನಿಧಾನದ ಹರಿವಿಗೆ ಸರಿಪಡಿಸಿ, ರಭಸದ ಕೊರತೆಯನ್ನು ಲೆಕ್ಕದಲ್ಲಿ ತುಂಬಿಕೊಡುವುದು ಸರಿಯಾದ ಕ್ರಮ. ಎರಡು ಎಣಿಕೆಗಳ ನಡುವಿನ ಅಂತರದಿಂದ ಮಳೆಯ ರಭಸ ತಿಳಿಯುತ್ತದೆ. 12, 6 ನಿಮಿಷಗಳ ಪರೀಕ್ಷೆಯಿಂದ ಆ ರಭಸಕ್ಕೆ ಎಷ್ಟು ಸೇರಿಸಬೇಕೆಂಬುದು ಗೊತ್ತಾಗಿರುತ್ತದೆ. ಆದರೆ ಎಣಿಕೆಯ ಸಮಯ ಬರೆದಿಡದೆ ದಿನದ ಮೊತ್ತವನ್ನಷ್ಟೇ ಇಟ್ಟುಕೊಂಡಿದ್ದರೆ ಈ ತಿದ್ದುಪಡಿ ಸಾಧ್ಯವಿಲ್ಲ. ದಿನವಿಡೀ ಜಡಿಯಾಗಿ ಹಿಡಿದ 100 ಮಿ.ಮೀ. ಮಳೆಯಲ್ಲಿ ತಪ್ಪು ನಗಣ್ಯ. ಒಂದೇ ಗಂಟೆಯಲ್ಲಿ ಸುರಿದ 100 ಮಿ.ಮೀ.ಯಲ್ಲಿ ನಾಲ್ಕು ಮಿ.ಮೀ. ಖೋತಾ.

ನಾಲ್ಕು ಮಿ.ಮೀ. ಏನು ಮಹಾ ಎನಿಸಬಹುದು. ಆದರೆ ಯಾವುದೋ ನಿಯಮದಲ್ಲಿ 60 ಮಿ.ಮೀ. ದಾಟಿದರೆ ಮಾತ್ರ ಪರಿಹಾರ ಎಂದಿದೆ ಎಂದುಕೊಳ್ಳೋಣ. ಗಂಟೆಗೆ 100 ಮಿ.ಮೀ. ರಭಸದಲ್ಲಿ 37 ನಿಮಿಷ ಹೊಡೆದ ಮಳೆ ನಿಜಕ್ಕೂ 62 ಮಿ.ಮೀ. ಸುರಿಸಿರುತ್ತದೆ, ಯಂತ್ರ ತೋರಿಸುವುದು 59.4. ಕಾಗದದ ಮೇಲೆ ಗೆರೆ ದಾಟಿಲ್ಲ.

ಸಂಶಯ ಪರಿಹರಿಸಲು ಒಂದು ಸುಲಭ ಸಾಕ್ಷಿಯಿದೆ. ಬೋಗುಣಿ ಎಣಿಕೆ ತಪ್ಪಿದರೂ ನೀರನ್ನು ಬಚ್ಚಿಡುವುದಿಲ್ಲ. ಅಷ್ಟೂ ನೀರು ಮಾಪಕದ ತಳದಿಂದ ಹೊರಬರುತ್ತದೆ. ಅದನ್ನು ಮುಚ್ಚಿದ ಕ್ಯಾನಿನಲ್ಲಿ ಹಿಡಿದು, ಮಿ.ಲೀ.ನಲ್ಲಿ ಅಳೆದು 31.4ರಿಂದ ಭಾಗಿಸಿದರೆ ನಿಜವಾದ ಮಳೆ ಸಿಗುತ್ತದೆ. ಕ್ಯಾನಿನ ಲೆಕ್ಕ ಜಡಿಮಳೆಯ ದಿನಗಳಲ್ಲಿ ಯಂತ್ರದೊಂದಿಗೆ ಹೊಂದಿಕೊಂಡು ಬಿರುಮಳೆಯ ದಿನ ಮಾತ್ರ ಹೆಚ್ಚಿದ್ದರೆ ಅದು ಮಗುಚುವ ಕ್ಷಣದ ಕೊರತೆ. ಎಲ್ಲ ದಿನವೂ ಒಂದೇ ಪ್ರಮಾಣದಲ್ಲಿ ಹೆಚ್ಚಿದ್ದರೆ ತಿರುಪಿನ ದೋಷ. ಎರಡೂ ಹೊಂದಿಕೊಂಡಿದ್ದು, ಮಳೆ ನಿಂತು ಬಹಳ ಹೊತ್ತಾದರೂ ಯಂತ್ರ ಒಂದೇ ಗತಿಯಲ್ಲಿ ಎಣಿಸುತ್ತಿದ್ದರೆ ಆಲಿಕೆಯಲ್ಲಿ ಎಲೆಯೋ ಕಸವೋ ಸಿಕ್ಕಿಕೊಂಡಿದೆ. ಅದನ್ನು ತೆಗೆಯಲು ತಿರುಪುಳಿ ಬೇಡ, ಬೆರಳು ಸಾಕು.