ನಲವತ್ತು ಸೆಂಟಿಮೀಟರ್ ಸ, ಮೂವತ್ತು ಸೆಂಟಿಮೀಟರ್ ನಿ

ನಮ್ಮ ಕನ್ನಡ ಸಂಘದ ವಿಡಿಯೋ ಚಾನೆಲ್‌ಗೆ ಹೊಸ ಇಂಟ್ರೋ ಬೇಕು ಅಂತ ಎರಡು ತಿಂಗಳಿಂದ ಜಗಳ ನಡೀತಿದೆ. ಜಗಳದಲ್ಲಿ ನಾವು ಒಂದು ಪಾರ್ಟಿ. ಹಾಗಾಗಿ ಇದನ್ನು ನಿಷ್ಪಕ್ಷಪಾತ ವರದಿ ಅಂತ ಓದಬೇಡಿ, ನಮ್ಮ ಕಡೆಯ ವಾದ ಅಂತಲೇ ಓದಿ.

ಹಳೇ ಇಂಟ್ರೋ ನಿಮಗೆ ಗೊತ್ತಿದೆ. ಡೊಳ್ಳು, ಅದರ ಮೇಲೆ ಕೊಳಲು, ಕೊನೆಗೆ ‘ಡಂ’ ಅಂತ ಒಂದು ದೊಡ್ಡ ಸದ್ದು, ಜೊತೆಗೆ ಲೋಗೋ. ಫ್ರೀ ಸಿಗುತ್ತೆ ಅಂತ ಡೌನ್‌ಲೋಡ್ ಮಾಡಿಕೊಂಡಿದ್ದ ಲೂಪ್ ಅದು. ಹೋದ ಸೆಮಿಸ್ಟರ್‌ನಲ್ಲಿ ಬೇರೆ ಊರಿನ ಒಂದು ಕಾಲೇಜಿನ ಫೆಸ್ಟ್ ವಿಡಿಯೋ ನೋಡ್ತಾ ಕೂತಿದ್ದಾಗ ಅದೇ ಡೊಳ್ಳು, ಅದೇ ಕೊಳಲು, ಅದೇ ಡಂ ಬಂತು. ಅವರ ತಪ್ಪೇನಿಲ್ಲ, ಅವರೂ ಅಲ್ಲಿಂದಲೇ ಇಳಿಸಿಕೊಂಡಿದ್ರು. ಹೊಸದು ಬೇಕು ಅನ್ನೋದು ಅವತ್ತೇ ತೀರ್ಮಾನ ಆಯ್ತು. ಹೊಸದು ಹೇಗಿರಬೇಕು ಅನ್ನೋದೇ ಇನ್ನೂ ಆಗಿಲ್ಲ.

ಹೆಚ್ಚಿನವರಿಗೆ ಬೇಕಾಗಿರೋದು ಹತ್ತು ಸೆಕೆಂಡಿನ ಒಂದು ಪುಟ್ಟ ಹಾಡು. ನಮ್ಮ ವಾದ ಏನಂದ್ರೆ, ಹಾಡು ಬೇಡ, ಎರಡು ಸ್ವರ ಸಾಕು. ಆದರೆ ಆ ಎರಡು ಸ್ವರದ ನಡುವಿನ ಅಂತರ ನಮ್ಮದಾಗಿರಬೇಕು, ಅವು ಹೊರಡೋ ವಸ್ತುವೂ ನಮ್ಮದಾಗಿರಬೇಕು.

ಮೊದಲು ಹತ್ತು ಸೆಕೆಂಡಿನ ಲೆಕ್ಕ. ಯೂಟ್ಯೂಬ್‌ನಲ್ಲಿ ಸ್ಕ್ರೀನ್ ಬಲಗಡೆ ಎರಡು ಸಲ ತಟ್ಟಿದ್ರೆ ವಿಡಿಯೋ ಎಷ್ಟು ಮುಂದಕ್ಕೆ ಹೋಗುತ್ತೆ? ನೀವು ಸೆಟ್ಟಿಂಗ್ ಬದಲಾಯಿಸಿಲ್ಲ ಅಂದ್ರೆ ಹತ್ತು ಸೆಕೆಂಡು. ಅಂದ್ರೆ ನಮ್ಮ ಇಡೀ ಇಂಟ್ರೋ ಒಂದು ಡಬಲ್ ಟ್ಯಾಪ್‌ಗೆ ಸಮ. ಹಳೇದರಲ್ಲಿ ‘ಡಂ’ ಬರ್ತಿದ್ದಿದ್ದು ಎಂಟನೇ ಸೆಕೆಂಡಿಗೆ, ಅಷ್ಟೊತ್ತಿಗೆ ಕೇಳೋರು ಹೋಗಿಯಾಗಿತ್ತು. ಅದಕ್ಕೆ ಗುರುತಿನ ಸದ್ದು ಮೊದಲ ಎರಡು ಸೆಕೆಂಡಿನಲ್ಲೇ ಮುಗಿದುಬಿಡಬೇಕು. ಉಳಿದ ಎಂಟು ಸೆಕೆಂಡು ಅದರ ಗುಂಯ್‌ಗುಟ್ಟುವಿಕೆ ಮಾತ್ರ, ಅದರ ಮೇಲೆ ಚಾನೆಲ್ ಹೆಸರು, ಎಪಿಸೋಡ್ ಹೆಸರು.

ಎರಡೇ ಸ್ವರದಲ್ಲಿ ಯಾರು ಗುರುತು ಹಿಡೀತಾರೆ ಅಂತ ಒಬ್ಬ ಅಣ್ಣ ಸಭೆಯಲ್ಲಿ ಕೇಳಿದ್ರು. ಅಮೆರಿಕದ ಎನ್‌ಬಿಸಿ ರೇಡಿಯೋ ಮೂರು ಸ್ವರದಲ್ಲಿ ಇದನ್ನು ಮಾಡಿ ತೋರಿಸಿದೆ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಮಂದ್ರದ ಪ, ಅಲ್ಲಿಂದ ಗ ಗೆ ಒಂದು ಜಿಗಿತ, ಆಮೇಲೆ ಸ. ಅಷ್ಟೇ. 1950ರಲ್ಲಿ ಅದನ್ನು ಅಲ್ಲಿ ಟ್ರೇಡ್‌ಮಾರ್ಕ್ ಆಗಿಯೂ ನೋಂದಾಯಿಸಿದರು. ಅಷ್ಟು ದೂರ ಹೋಗೋದು ಬೇಡ ಅಂದ್ರೆ ಆಕಾಶವಾಣಿ ಇದೆ. ವಾಲ್ಟರ್ ಕೌಫ್‌ಮನ್ 1936ರಲ್ಲಿ ಮಾಡಿದ ಆ ಸಿಗ್ನೇಚರ್ ಟ್ಯೂನ್ ಶಿವರಂಜನಿ ರಾಗದ್ದು. ಹರಿಹರದಲ್ಲಿ ನಮ್ಮಲ್ಲೊಬ್ಬಳ ಅಜ್ಜಿಗೆ ಶಿವರಂಜನಿ ಅನ್ನೋ ಹೆಸರೇ ಗೊತ್ತಿಲ್ಲ. ಆದರೆ ತಂಬೂರಿಯ ಮೇಲೆ ಪಿಟೀಲು ಶುರುವಾದ ತಕ್ಷಣ “ರೇಡಿಯೋ ಹತ್ತಿತು ನೋಡು” ಅಂತಾರೆ. ಟ್ಯೂನ್ ಮುಗಿಯೋವರೆಗೆ ಕಾಯಲ್ಲ. ಅವರು ಗುರುತು ಹಿಡಿಯೋದು ಮೊದಲ ಜಿಗಿತ ಮತ್ತು ತಂತಿಯ ಬಣ್ಣ, ಎರಡನ್ನೂ ಸೇರಿಸಿ.

ಹಾಗಾದ್ರೆ ನಮ್ಮ ಬಣ್ಣ ಯಾವುದು? ಮೊದಲು ಎಲ್ಲರ ಹಾಗೆ ನಮಗೂ ಹೊಳೆದಿದ್ದು ಬೆಣ್ಣೆ ದೋಸೆ. ಬೆಳಿಗ್ಗೆ ಏಳಕ್ಕೇ ಹೋಗಿ, ಕಾದ ಹಂಚಿನ ಮೇಲೆ ನೀರು ಚಿಮುಕಿಸೋ ‘ಚುಂಯ್’ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದ್ವಿ (ದೋಸೆ ತಿನ್ನದೇ ಬರಲಿಲ್ಲ, ಬಿಡಿ). ಹಾಸ್ಟೆಲ್‌ನಲ್ಲಿ ಆರು ಜನಕ್ಕೆ ಏನೂ ಹೇಳದೆ ಫೋನಿನಲ್ಲಿ ಕೇಳಿಸಿದ್ವಿ. ನಾಲ್ಕು ಜನ ‘ಮಳೆ’ ಅಂದ್ರು, ಒಬ್ಬ ‘ಮೈಕ್ ಕೆಟ್ಟಿದೆ’ ಅಂದ, ಇನ್ನೊಬ್ಬ ಏನೂ ಹೇಳಲಿಲ್ಲ. ಚುಂಯ್ ಅನ್ನೋದರಲ್ಲಿ ಎಲ್ಲಾ ಫ್ರೀಕ್ವೆನ್ಸಿಯೂ ಕಲಸಿಕೊಂಡಿರುತ್ತೆ, ಸ್ವರ ಅಂತ ಒಂದಿಲ್ಲ. ಕಣ್ಣಿಗೆ ಹಂಚು ಕಾಣದಿದ್ರೆ ಕಿವಿಗೆ ಅದು ಬರೀ ಗದ್ದಲ. ಡೊಳ್ಳಿನದು ಇನ್ನೊಂದು ಕಷ್ಟ. ಫೋನಿನ ಪುಟ್ಟ ಸ್ಪೀಕರ್ ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನದನ್ನು ಬಹಳ ಕಮ್ಮಿ ಕೊಡುತ್ತೆ. ಡೊಳ್ಳಿನ ಎದೆ ನಡುಗಿಸೋ ಭಾಗ ಇರೋದೇ ಅಲ್ಲಿ. ಫೋನಿನಲ್ಲಿ ಉಳಿಯೋದು ಕೋಲು ಚರ್ಮಕ್ಕೆ ತಾಗೋ ‘ಟಪ್’ ಮಾತ್ರ.

ಆಮೇಲೆ ನಮ್ಮ ಮೆಕ್ಯಾನಿಕಲ್ ಗೆಳೆಯ ಒಂದು ಮಾತು ಹೇಳಿದ: “ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರ ಇಟ್ಕೊಂಡು ಸದ್ದು ಹುಡುಕ್ತಿದೀರಲ್ಲ.” ಹರಿಹರ ಅಂದ್ರೆ ನಮಗೆ ಹೊಯ್ಸಳರ ಹರಿಹರೇಶ್ವರ ದೇವಸ್ಥಾನ, ತುಂಗಭದ್ರೆ. ಅವನಿಗೆ ಹರಿಹರ ಅಂದ್ರೆ ಲೇತ್. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಿಂದ ಲೇತ್ ಮಷೀನ್ ಮಾಡ್ತಿದ್ದ ಊರು ಅದು. ಕಾರ್ಖಾನೆ ಮುಚ್ಚಿದೆ, ಲೇತ್ ಕೆಲಸ ಬಲ್ಲವರು ಊರಲ್ಲಿದ್ದಾರೆ. ಅವನ ದೊಡ್ಡಪ್ಪನ ಪರಿಚಯದ ಒಂದು ಸಣ್ಣ ವರ್ಕ್‌ಶಾಪ್‌ಗೆ ಹೋದ್ವಿ. ಅಲ್ಲಿ ಮೂಲೆಯಲ್ಲಿ ಬಿದ್ದಿದ್ದ 25 ಮಿಲಿಮೀಟರ್ ಸ್ಟೀಲ್ ಪೈಪಿನ ತುಂಡೊಂದು ಕೈಜಾರಿ ನೆಲಕ್ಕೆ ಬಿತ್ತು. ಆ ‘ಟಿಣ್’ ಕೇಳಿದ ಮೇಲೆ ನಾವು ಬೇರೆ ಏನನ್ನೂ ಹುಡುಕಲಿಲ್ಲ.

ಇಲ್ಲಿಂದ ಮುಂದೆ ಎರಡನೇ ವರ್ಷದ ಪಾಠವೇ ಕೆಲಸಕ್ಕೆ ಬಂತು. ಎರಡೂ ತುದಿ ಬಿಡಿಯಾಗಿರೋ ಸರಳನ್ನು ಹೊಡೆದರೆ ಅದು ಬಿಲ್ಲಿನ ಹಾಗೆ ಬಾಗಿ ಬಾಗಿ ಕಂಪಿಸುತ್ತೆ. ಆಗ ಅದರ ಫ್ರೀಕ್ವೆನ್ಸಿ f ∝ 1/L². ತಂತಿಯಲ್ಲಾದ್ರೆ ಉದ್ದ ಅರ್ಧ ಮಾಡಿದ್ರೆ ಸ್ವರ ಎರಡರಷ್ಟು, ಪೈಪಿನಲ್ಲಿ ನಾಲ್ಕರಷ್ಟು. ಹಾಗಾದ್ರೆ 40 ಸೆಂಟಿಮೀಟರ್ ಮತ್ತು 30 ಸೆಂಟಿಮೀಟರ್‌ನ ಎರಡು ತುಂಡು ಕತ್ತರಿಸಿದ್ರೆ? ಉದ್ದ 4:3, ಸ್ವರ 16:9. ಈ 16:9 ಅನ್ನೋದು ಸ ದಿಂದ ಕೋಮಲ ನಿ. ಕರ್ನಾಟಕ ಸಂಗೀತದವರ ಕೈಶಿಕಿ ನಿಷಾದ.

ಈ ಅಂತರ ನಮಗೆ ಯಾಕೆ ಹಿಡಿಸಿತು ಅಂದ್ರೆ, ಸ–ಪ ಎಲ್ಲರೂ ಬಳಸೋದು, ದೇವಸ್ಥಾನದಿಂದ ಸಿನಿಮಾ ಟ್ರೈಲರ್‌ವರೆಗೆ. ಎನ್‌ಬಿಸಿಯ ಜಿಗಿತ ಅವರದ್ದಾಗಿಹೋಗಿದೆ. ಸ ದಿಂದ ನೇರ ಕೋಮಲ ನಿ ಗೆ ಹಾರೋದು ಅಪರೂಪ, ಹಾಡೋಕೂ ಸ್ವಲ್ಪ ಕಷ್ಟ, ಆದರೆ ಕೇಳಿದ್ರೆ ಮರೆಯೋದಿಲ್ಲ. ಇನ್ನೇನು ಮೇಲಿನ ಸ ಮುಟ್ಟಬೇಕು ಅನ್ನೋವಾಗ ನಿಂತ ಹಾಗೆ ಇರುತ್ತೆ.

ಲೆಕ್ಕ ಇಷ್ಟು ಚೆನ್ನಾಗಿದೆ ಅಂತ ಹಿಗ್ಗಿಕೊಂಡು ಪೈಪು ಕತ್ತರಿಸಿಕೊಂಡು ಬಂದ್ವಿ. ಮೊದಲ ಸಲ ಕೈಯಲ್ಲಿ ನಡುವೆ ಹಿಡಿದು ಹೊಡೆದಾಗ ‘ಟಕ್’ ಅಂತು, ಸತ್ತ ಸದ್ದು. ಪೈಪಿನ ನಡುಭಾಗ ಜೋರಾಗಿ ಅಲ್ಲಾಡಬೇಕು, ಅಲ್ಲೇ ಹಿಡಿದ್ರೆ ಅದು ಕಂಪಿಸೋದೆಲ್ಲಿ? ಅಲ್ಲಾಡದ ಜಾಗ ಇರೋದು ಪ್ರತಿ ತುದಿಯಿಂದ ಉದ್ದದ 22.4 ಶೇಕಡಾ ಒಳಗೆ. ನಲವತ್ತರದ್ದಕ್ಕೆ ಒಂಬತ್ತು ಸೆಂಟಿಮೀಟರ್, ಮೂವತ್ತರದ್ದಕ್ಕೆ ಆರೂಮುಕ್ಕಾಲು. ಅಲ್ಲಿ ದಾರ ಕಟ್ಟಿ ತೂಗುಹಾಕಿದ ಮೇಲೆ ಪೈಪು ಬಾಯಿಬಿಟ್ಟಿತು.

ಆದರೂ ನಿ ಸರಿ ಇಲ್ಲ ಅಂತ ಹಾಡೋ ಗೆಳತಿ ಪಟ್ಟು ಹಿಡಿದಳು. Audacityಯ Plot Spectrumನಲ್ಲಿ ನೋಡಿದ್ವಿ, ಸರಿಯಾಗೇ ಕಾಣ್ತಿತ್ತು. ಅರ್ಧ ಗಂಟೆ ಅವಳ ಜೊತೆ ವಾದ ಮಾಡಿದ ಮೇಲೆ ಗೊತ್ತಾಯ್ತು, ನಾವು Size 2048 ಇಟ್ಟಿದ್ವಿ. ಅಷ್ಟಕ್ಕೆ ಒಂದೊಂದು ಅಳತೆಯ ಹೆಜ್ಜೆ ಸುಮಾರು 21 ಹರ್ಟ್ಜ್, ಅದಕ್ಕಿಂತ ಸಣ್ಣ ತಪ್ಪು ಕಾಣೋದೇ ಇಲ್ಲ. 16384 ಮಾಡಿದಾಗ ಉದ್ದದ ಪೈಪು 900 ಹರ್ಟ್ಜ್, ಗಿಡ್ಡದ್ದು 1585. ಬರಬೇಕಿದ್ದಿದ್ದು 1600. ಅವಳ ಕಿವಿಯೇ ಸರಿ. 1/L² ಅನ್ನೋ ಸೂತ್ರ ತೆಳ್ಳಗೆ ಉದ್ದಕ್ಕಿರೋ ಸರಳಿಗೆ ಹೇಳಿದ್ದು. ದಪ್ಪ ಅಷ್ಟೇ ಇದ್ದು ಪೈಪು ಗಿಡ್ಡ ಆದಷ್ಟೂ ನಿಜವಾದ ಸ್ವರ ಲೆಕ್ಕಕ್ಕಿಂತ ಸ್ವಲ್ಪ ಕೆಳಗೆ ಕೂರುತ್ತೆ. ಪುಣ್ಯಕ್ಕೆ ತಪ್ಪು ಕೆಳಗಿನ ಕಡೆ ಇತ್ತು, ಪೈಪನ್ನು ಗಿಡ್ಡ ಮಾಡಬಹುದು, ಉದ್ದ ಮಾಡೋಕಾಗಲ್ಲ. ಮತ್ತೆ ಹರಿಹರಕ್ಕೆ ಹೋಗಿ, ಲೇತ್‌ನಲ್ಲಿ ತುದಿಯಿಂದ ಒಂದೂವರೆ ಮಿಲಿಮೀಟರ್‌ಗೂ ಕಮ್ಮಿ ತೆಗೆಸಿದ್ವಿ. ಯಜಮಾನ್ರು “ಇಷ್ಟಕ್ಕೆ ಬಸ್ ಚಾರ್ಜ್ ಕೊಟ್ಕೊಂಡು ಬಂದ್ರೇನ್ರಪಾ” ಅಂತ ನಕ್ಕರು, ದುಡ್ಡು ತಗೊಳ್ಳಲಿಲ್ಲ.

ಎಲ್ಲಿ ಹೊಡೀಬೇಕು ಅನ್ನೋದೂ ಬಣ್ಣ ಬದಲಾಯಿಸುತ್ತೆ. ಪೈಪಿನ ಎರಡನೇ ಕಂಪನ ಮೊದಲನೆಯದರ ಸುಮಾರು 2.76 ಪಟ್ಟು, ತಂತಿಯ ಹಾಗೆ ಸರಿಯಾಗಿ ಎರಡು ಪಟ್ಟಲ್ಲ. ಲೋಹ ಲೋಹದ ಹಾಗೆ ಕೇಳೋದಕ್ಕೆ ಈ ಹೊಂದದ ಪಟ್ಟೇ ಕಾರಣ. ಸರಿಯಾಗಿ ನಡುವಿಗೆ ಹೊಡೆದ್ರೆ ಆ ಎರಡನೇ ಕಂಪನ ಏಳೋದೇ ಇಲ್ಲ, ಸದ್ದು ಮೊಬೈಲ್ ಬೀಪ್ ಥರ ಬೋಳಾಗುತ್ತೆ. ತುದಿಗೆ ಹೊಡೆದ್ರೆ ಎಲ್ಲಾ ಎದ್ದು ಕಿವಿಗೆ ಚುಚ್ಚುತ್ತೆ. ನಡುವಿನಿಂದ ಮೂರು ಬೆರಳು ಪಕ್ಕಕ್ಕೆ, ಸೈಕಲ್ ಟ್ಯೂಬ್ ಸುತ್ತಿದ ಲಟ್ಟಣಿಗೆಯಲ್ಲಿ ಹೊಡೆದಾಗ ನಮಗೆ ಬೇಕಾದ್ದು ಸಿಕ್ತು. ಬರೀ ಸುತ್ತಿಗೆಯಲ್ಲಿ ಹೊಡೆದದ್ದು ಶಾಲೆ ಗಂಟೆಯಾಗಿತ್ತು.

ಈಗ ಉಳಿದಿರೋ ಜಗಳ ಒಂದೇ. ನಿ ಆದ ಮೇಲೆ ಮೇಲಿನ ಸ ಕೂಡ ಹೊಡೀಬೇಕು, ಇಲ್ಲಾಂದ್ರೆ ಅರ್ಧಕ್ಕೆ ನಿಂತ ಹಾಗಿದೆ ಅಂತ ಸಂಘದಲ್ಲಿ ಅರ್ಧ ಜನ. ಅದಕ್ಕೆ ಸುಮಾರು 283 ಮಿಲಿಮೀಟರ್‌ನ ಮೂರನೇ ಪೈಪು ಬೇಕು, ಅದನ್ನೂ ಕತ್ತರಿಸಿ ಇಟ್ಟಿದ್ದೀವಿ, ಮೋಸ ಮಾಡಲ್ಲ. ಆದರೆ ಕೇಳಿ ನೋಡಿದ್ವಿ: ಸ–ನಿ–ಸ ಆದ ಕೂಡಲೇ ಏನೋ ಮುಗಿಯಿತು ಅನ್ಸುತ್ತೆ. ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಗಂಟೆಯ ನೆನಪೂ ಬರುತ್ತೆ. ಇಂಟ್ರೋ ಕೆಲಸ ಮುಗಿಸೋದಲ್ಲ, ಮಾತಿಗೆ ಬಾಗಿಲು ತೆಗೆಯೋದು. ನಿ ಮೇಲೆ ನಿಲ್ಲಿಸಿ, ಅದು ಗುಂಯ್ ಅಂತಿರುವಾಗಲೇ ಮೂರನೇ ಸೆಕೆಂಡಿಗೆ ನಿರೂಪಕಿ “ನಮಸ್ಕಾರ” ಅಂದ್ರೆ, ಬಾಕಿ ಉಳಿದ ಸ ಅವಳ ಮಾತೇ ಆಗುತ್ತೆ. ಮೂರನೇ ಪೈಪನ್ನು ಎಪಿಸೋಡಿನ ಕೊನೆಗೆ, ಹೆಸರುಗಳು ಬರುವಾಗ ಒಂದೇ ಸಲ ಹೊಡೆಯೋಣ ಅನ್ನೋದು ನಮ್ಮ ರಾಜಿ ಸೂತ್ರ.

ಶುಕ್ರವಾರ ಸಭೆಗೆ ಎರಡೂ ಫೈಲ್ ತರ್ತೀವಿ. ಒಂದೇ ಬೇಡಿಕೆ: ಸೆಮಿನಾರ್ ಹಾಲ್‌ನ ದೊಡ್ಡ ಸ್ಪೀಕರ್‌ನಲ್ಲಿ ಬೇಡ, ನಿಮ್ಮ ನಿಮ್ಮ ಫೋನಿನಲ್ಲಿ, ಫ್ಯಾನ್ ಹಾಕಿಕೊಂಡು ಕೇಳಿ. ಆಮೇಲೆ ಕೈ ಎತ್ತಿ.