ಓಟಿಪಿ ಯಾರ ಫೋನಿಗೆ ಬರುತ್ತೆ?

ಎರಡು ತಿಂಗಳು ಜಗಳವಾದ ಮೇಲೆ ನಮ್ಮ ಚಿಕ್ಕಪ್ಪ, "ಹೋಗ್ತೀಯಾ ಹೋಗವ್ವ, ನಾವೇನು ಕಟ್ಟಿ ಹಾಕಿಲ್ಲ" ಅಂದರು. ಇಪ್ಪತ್ತು ವರ್ಷದ ತಂಗಿ ಕೊಪ್ಪಳದಿಂದ ಬೆಂಗಳೂರಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು.

ಕಟ್ಟಿ ಹಾಕಿದ್ದರು. ಅವಳ ಬ್ಯಾಂಕ್ ಖಾತೆಗೂ ಆಧಾರಿಗೂ ಇದ್ದದ್ದು ಚಿಕ್ಕಪ್ಪನ ನಂಬರ್. ಹಿಂದೆ ಸ್ಕಾಲರ್‌ಶಿಪ್ಪಿಗೆ ಅಂತ ಕೊಟ್ಟಿದ್ದು. ಸಂಬಳ ಬಿದ್ದ ಮೆಸೇಜ್ ಊರಿಗೆ ಬರುತ್ತಿತ್ತು. ಎಟಿಎಂ ಕಾರ್ಡೂ ಊರಲ್ಲೇ. ಆ ಸಿಮ್ ತನ್ನ ಫೋನಿನಲ್ಲಿ ಇಲ್ಲದ್ದರಿಂದ ಫೋನ್‌ಪೇ ಶುರುವಾಗಲಿಲ್ಲ. ಹಾಸ್ಟೆಲ್ ಬಾಡಿಗೆಗೂ ಅಪ್ಪನಿಗೆ ಫೋನ್ ಮಾಡಿ ಕೇಳಬೇಕು. ನಾಳೆ ಕೆಲಸ ಬಿಟ್ಟು ಆನ್‌ಲೈನಿನಲ್ಲಿ ಪಿಎಫ್ ಬಿಡಿಸಲು ಹೋದರೂ ಓಟಿಪಿ ಆಧಾರಿನ ನಂಬರಿಗೇ. (ಹುಬ್ಬಳ್ಳಿಗೆ ಹೋದ ಅಣ್ಣನ ನಂಬರನ್ನು ಯಾರೂ ವಿಚಾರಿಸಲಿಲ್ಲ ನೋಡಿ.)

ಮನೆಯಲ್ಲಿ ಸಾಲ ಇರುವುದು ನಿಜ. ದುಡಿಯುವ ಮಗಳು ಕೈಜೋಡಿಸಲಿ ಅನ್ನುವುದೂ ತಪ್ಪಲ್ಲ. ಆದರೆ ಕೇಳಿ ಪಡೆಯುವುದು ಬೇರೆ, ಕೇಳದೆ ತೆಗೆದುಕೊಳ್ಳುವುದು ಬೇರೆ. ಎರಡನೆಯದಕ್ಕೆ "ಹುಡುಗಿಗೆ ದುಡ್ಡಿನ ಬೆಲೆ ಗೊತ್ತಿಲ್ಲ" ಅಂತ ಹೆಸರಿಡಬೇಡಿ.

ತಂಗಿ ಜಗಳ ಆಡಲಿಲ್ಲ. ವಾರದ ರಜೆಯಲ್ಲಿ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿ ತನ್ನ ನಂಬರ್ ಸೇರಿಸಿದಳು. ಅದಕ್ಕೆ ಅಪ್ಪನ ಸಹಿ ಬೇಕಿಲ್ಲ. ಆಮೇಲೆ ಬ್ಯಾಂಕಿಗೆ ಅರ್ಜಿ ಕೊಟ್ಟು ಅಲ್ಲೂ ನಂಬರ್ ಬದಲಿಸಿದಳು, ಹೊಸ ಕಾರ್ಡ್ ತರಿಸಿಕೊಂಡಳು. ಮೊದಲ ತಿಂಗಳೇ ನಾಲ್ಕು ಸಾವಿರ ಊರಿಗೆ ಹಾಕಿದಳು.

ಮೆಸೇಜ್ ನೋಡಿ ಚಿಕ್ಕಪ್ಪ ಕೇಳಿದ್ದು ಒಂದೇ: "ಉಳಿದದ್ದು ಎಲ್ಲಿ?"